ಸುಡುಗಾಡು ಬೀದಿಯ ನಲವತ್ತೊಂದನೇ ಮನೆ

ಕೊಡಿಗೆಪೇಟೆ, ದೊಡ್ಡಬಳ್ಳಾಪುರ ತಾಲ್ಲೂಕು
2-4-2025

ಮಗಳು ಜ್ಯೋತಿಲಕ್ಷ್ಮಿಗೆ ಅಪ್ಪ ಚಿಕ್ಕವೆಂಕಟಪ್ಪ ಬರೆಯುವುದು.

ಯುಗಾದಿಗೆ ಬರುತ್ತೀರೇನೋ ಎಂದು ನಿನ್ನ ಅತ್ತಿಗೆ ಬಿಂದುಶ್ರೀ ಹೂರಣ ಹೆಚ್ಚಾಗಿಯೇ ರುಬ್ಬಿದ್ದಳು. ಕಲಬುರಗಿ ಏನು ಪಕ್ಕದ ಮನೆಯೇ, ಅಳಿಯಂದಿರಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ರಜೆ ಸಿಗಬೇಡವೇ ಎಂದು ನಾನೇ ಸಮಾಧಾನ ಹೇಳಿದೆ. ನಿನ್ನ ಅಣ್ಣ ಬೀರೇಶ ಎರಡು ದಿನ ಕೂತು ಒಬ್ಬಟ್ಟು ಖಾಲಿ ಮಾಡಿದ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಗೆ ಬೋರ್ಡು ಬಿತ್ತು. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ 'ಶ್ರೀ ಮಹಾಲಕ್ಷ್ಮಿ ರಸ್ತೆ' ಎಂದು ಬರೆದಿದ್ದಾರೆ. ಪಟ್ಟಣ ಪಂಚಾಯಿತಿಯವರು ಕಂಬ ನೆಡುವಾಗ ನಾನು ಬಿಸಿಲಲ್ಲೇ ನಿಂತಿದ್ದೆ. ನಿನ್ನ ಮದುವೆಯ ವರ್ಷ ಕೊಟ್ಟ ಅರ್ಜಿ ಅದು. ಸಭೆಯಲ್ಲಿ ಠರಾವು ಆಗಬೇಕು, ಆಮೇಲೆ ಜನರಿಂದ ಆಕ್ಷೇಪಣೆ ಕರೆಯಬೇಕು, ಆಮೇಲೆ ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಅಲ್ಲಿಂದ ಒಂದು ಪ್ರಶ್ನೆ ಹೊತ್ತು ವಾಪಸ್ಸು ಬರುತ್ತದೆ, ಅಷ್ಟರಲ್ಲಿ ಇಲ್ಲಿ ಸದಸ್ಯರ ಅವಧಿ ಮುಗಿದಿರುತ್ತದೆ. ಹೊಸಬರು ಬಂದ ಮೇಲೆ ಮತ್ತೆ ಮೊದಲಿಂದ. ಓಡಾಡಿ ಓಡಾಡಿ ಸಾಕಾಯಿತು ಕಣಮ್ಮ.

ಸುಡುಗಾಡು ಊರಾಚೆ ಹೋಗಿ ನಿನ್ನ ವಯಸ್ಸಿನಷ್ಟಾಯಿತು. ಅದಿದ್ದ ಜಾಗದಲ್ಲಿ ನೀರಿನ ಟ್ಯಾಂಕು ನಿಂತಿದೆ. ಜನರ ಬಾಯಲ್ಲಿ ಮಾತ್ರ ಸುಡುಗಾಡು ಬೀದಿ ಸುಡುಗಾಡು ಬೀದಿಯೇ. ಮಾಲೂರಿನ ಕಡೆಯವರು ನಿನ್ನನ್ನು ನೋಡಿ ಒಪ್ಪಿ, ಲಗ್ನಪತ್ರಿಕೆಗೆ ವಿಳಾಸ ಕೇಳಿದಾಗ ಮುಖ ಹುಳ್ಳಗೆ ಮಾಡಿಕೊಂಡು ಎದ್ದು ಹೋದದ್ದು ನೀನು ಮರೆತಿರಬಹುದು, ನಾನು ಮರೆತಿಲ್ಲ. "ಸುಡುಗಾಡಿಂದ ಹೆಣ್ಣು ತಂದ್ವಿ ಅಂತ ಜನ ಆಡ್ಕೊಳಲ್ವಾ?" ಎಂದಿದ್ದರು. ಆಗ ನನಗೆ ಇನ್ನೂ ಸ್ವಲ್ಪ ಕಿವಿ ಕೇಳಿಸುತ್ತಿತ್ತು. ಆ ಮಾತು ಕೇಳಿಸದೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಕೊನೆಗೆ ಮನೋಹರನ ಜೊತೆ ನಿನ್ನ ಮದುವೆ ನಡೆದಾಗ ಪತ್ರಿಕೆಯಲ್ಲಿ 'ನೀರಿನ ಟ್ಯಾಂಕ್ ಹತ್ತಿರ' ಎಂದಷ್ಟೇ ಅಚ್ಚು ಹಾಕಿಸಿದ್ದೆವು. ನನ್ನ ಮಗಳ ತವರಿಗೆ ಒಂದು ಮರ್ಯಾದೆಯ ಹೆಸರು ಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಆದ್ದರಿಂದ ಇನ್ನು ಮೇಲೆ ಕಾಗದದ ಮೇಲೆ ಹೀಗೆ ಬರೆ: ಚಿಕ್ಕವೆಂಕಟಪ್ಪ, ನಂಬರ್ 41, ಶ್ರೀ ಮಹಾಲಕ್ಷ್ಮಿ ರಸ್ತೆ, ಕೊಡಿಗೆಪೇಟೆ. ಹಳೆಯ ಹೆಸರು ಬರೆದರೆ ನಾನು ಒಡೆದು ಓದುವುದಿಲ್ಲ, ತಿಳಿಯಿತೇ. ನಾವೇ ಬಳಸದೆ ಇದ್ದರೆ ಊರಿನವರು ಯಾಕೆ ಬಳಸುತ್ತಾರೆ?

ಅಂಚೆಯ ಪಿಳ್ಳಪ್ಪ ಹೋದ ತಿಂಗಳು ನಿವೃತ್ತನಾದ. ಮುಳಬಾಗಿಲಿನ ಕಡೆಯ ಹೊಸ ಹುಡುಗಿ ಬಂದಿದ್ದಾಳೆ. ಚುರುಕಾಗಿದ್ದಾಳೆ.

ಮಗ್ಗದ ಸದ್ದಿಗೆ ಕಿವಿ ಕೊಟ್ಟು ಕಾಗದಕ್ಕೆ ಕಣ್ಣು ಉಳಿಸಿಕೊಂಡಿರುವ
ನಿನ್ನ ಅಪ್ಪ


ಕಲಬುರಗಿ
9-6-2025

ಅಪ್ಪನಿಗೆ ಜ್ಯೋತಿ ಮಾಡುವ ನಮಸ್ಕಾರ.

ಬೋರ್ಡು ಬಿದ್ದ ಸುದ್ದಿ ಓದಿ ಸಂತೋಷವಾಯಿತು. ಉತ್ತರ ಬರೆಯಲು ತಡವಾಯಿತು, ಬರೆಯಬೇಕಾದ ಮಾತು ಕೈಗೆ ಬರುತ್ತಿರಲಿಲ್ಲ.

ಅಪ್ಪಾ, ನನ್ನ ಗಂಡ ನನಗೆ ಹೊಡೆಯುತ್ತಾರೆ. ಹೋದ ವರ್ಷ ಶುರುವಾಯಿತು. ಮೊದಲು ಕುಡಿದ ದಿನ ಮಾತ್ರ ಇತ್ತು, ಈಗ ಕುಡಿಯದ ದಿನವೂ ಇದೆ. ನೆರೆಯವರು ಒಂದೆರಡು ಸಲ ಬಿಡಿಸಿದರು, ಆಮೇಲೆ ಅವರಿಗೂ ಬೇಜಾರಾಯಿತು. ಹರ್ಷಿತ ಹೊರಗೆ ಬೈಕಿನ ಸದ್ದಾದರೆ ಪುಸ್ತಕ ತೆಗೆದುಕೊಂಡು ಮಂಚದ ಆಚೆ ಹೋಗಿ ಕೂರುತ್ತಾಳೆ. ಅದನ್ನು ನೋಡಿದ ಮೇಲೆ ಇಲ್ಲಿ ಇರಬಾರದು ಅನ್ನಿಸಿದೆ.

ನಾನೂ ಅವಳೂ ಮನೆಗೆ ಬರಬಹುದಾ? ಸುಮ್ಮನೆ ಕೂರುವುದಿಲ್ಲ. ಮಗ್ಗದ ಕೆಲಸ ಮರೆತಿಲ್ಲ, ಕಂಡಿಕೆಗೆ ನೂಲು ಸುತ್ತುತ್ತೇನೆ. ಶಾಲೆ ಈಗಷ್ಟೇ ಶುರುವಾಗಿದೆ, ಈ ತಿಂಗಳು ಬಂದರೆ ಅವಳನ್ನು ಅಲ್ಲೇ ಸೇರಿಸಬಹುದು.

ಅಣ್ಣನ ಫೋನಿಗೆ ಮೆಸೇಜು ಹಾಕಲು ಮನಸ್ಸಾಗಲಿಲ್ಲ. ಅದನ್ನು ಮೊದಲು ಅತ್ತಿಗೆ ನೋಡುತ್ತಾರೆ, ಆಮೇಲೆ ಅಣ್ಣ, ಕೊನೆಗೆ ನೀವು. ಮನೆ ಅವರದ್ದೂ ಹೌದು, ಅವರು ಬೇಡ ಎನ್ನಬಹುದು. ಆದರೆ ಮೊದಲು ನಿಮ್ಮ ಮನಸ್ಸು ತಿಳಿಯಬೇಕು. ಹೇಳದೆ ಕೇಳದೆ ಮಗುವನ್ನು ಕರೆದುಕೊಂಡು ಬಂದು, ಬಾಗಿಲಲ್ಲಿ ನಿಮ್ಮ ಮುಖ ಸಣ್ಣದಾದರೆ ನನಗೆ ತಡೆಯಲು ಆಗುವುದಿಲ್ಲ.

ಬಾ ಅಂತ ಒಂದು ಮಾತು ಬರೆದರೆ ಸಾಕು. ಬೇಡ ಎನ್ನುವುದಾದರೆ ಅದನ್ನು ಬರೆಯಬೇಡಿ, ನಿಮಗೂ ಕಷ್ಟ. ನೀವು ಆ ಮಾತೇ ಎತ್ತದಿದ್ದರೆ ನಾನು ತಿಳಿದುಕೊಳ್ಳುತ್ತೇನೆ.

ನೀವು ಹೇಳಿದ ಹಾಗೆಯೇ ಮೇಲೆ ಹೊಸ ವಿಳಾಸ ಬರೆದಿದ್ದೇನೆ. ಹರ್ಷಿತ ನೋಡಿ "ತಾತನ ಮನೆ ಲಕ್ಷ್ಮಿ ರೋಡಲ್ಲಿದ್ಯಾ?" ಎಂದು ಕೇಳಿದಳು.

ನಿಮ್ಮ ಕಾಗದದ ದಾರಿ ಕಾಯುವ
ಜ್ಯೋತಿ


ಕೊಡಿಗೆಪೇಟೆ
20-7-2025

ಜ್ಯೋತಿಲಕ್ಷ್ಮಿಗೆ ಅಪ್ಪನ ಆಶೀರ್ವಾದ.

ನಾವೆಲ್ಲ ಇದ್ದೇವೆ. ಮಳೆ ಹೆಸರಿಗೆ ಬಂದು ಹೋಗುತ್ತಿದೆ. ಕರೆಂಟು ಮಗ್ಗ ಓಡುವ ಹೊತ್ತಿಗೇ ಸರಿಯಾಗಿ ಹೋಗುತ್ತದೆ.

ಬೋರ್ಡಿನ ಕಥೆ ಕೇಳು. ಎದುರು ಮನೆಯ ಸಪ್ಪಲಮ್ಮ ಆ ಕಂಬದಿಂದ ತನ್ನ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ. ಬೆಳಗ್ಗೆ ಮಹಾಲಕ್ಷ್ಮಿ, ಬಿಸಿಲೇರಿದ ಮೇಲೆ ಬರೀ ಸೀರೆ. ತೆಗೆಯಮ್ಮ ಎಂದರೆ ನಕ್ಕು ಏನೋ ಅಂದಳು. ಏನಂದಳು ಎಂದು ಬೀರೇಶನನ್ನು ಕೇಳಿದ್ದಕ್ಕೆ ಸ್ಲೇಟಿನ ಮೇಲೆ ಬರೆದು ತೋರಿಸಿದ: "ಸುಡುಗಾಡು ಬೀದಿಗ್ಯಾಕಣ್ಣ ಇಷ್ಟು ಶೋಕಿ ಅಂತಾಳೆ."

ಯಾರೂ ಹೊಸ ಹೆಸರು ಹೇಳುತ್ತಿಲ್ಲ. ಗ್ಯಾಸ್ ಸಿಲಿಂಡರಿನವನು ಹೇಳುವುದಿಲ್ಲ, ಆಟೋದವರು ಹೇಳುವುದಿಲ್ಲ. ಕರೆಂಟ್ ಬಿಲ್ಲಿನಲ್ಲಿ ಹಳೆಯದೇ ಇದೆ, ಆಧಾರ್ ಕಾರ್ಡಿನಲ್ಲೂ ಹಳೆಯದೇ. ಅವನ್ನು ಒಂದೊಂದಾಗಿ ತಿದ್ದಿಸಬೇಕಂತೆ, ಒಂದನ್ನು ತಿದ್ದಿಸಲು ಇನ್ನೊಂದನ್ನು ತೋರಿಸಬೇಕಂತೆ. "ಬಿಡಪ್ಪೋ, ಯಾವನ್ ಅಲೀತಾನೆ" ಎಂದು ಬೀರೇಶ ಸ್ಲೇಟಿನ ಮೇಲೆ ಗೀಚಿ ಕೈ ಆಡಿಸಿದ. ಅದೂ ಸಾಲದು ಎಂದು ನಮ್ಮ ಜಿಲ್ಲೆಗೇ ಬೆಂಗಳೂರು ಉತ್ತರ ಎಂದು ಹೆಸರಿಡುತ್ತಾರಂತೆ. ಇಡಲಿ. ಒಂದು ಬೀದಿಯ ಹೆಸರು ನೂರು ಮನೆಯವರ ಬಾಯಿಂದ ಇಳಿಸಲು ನನ್ನ ಕೈಲಿ ಆಗಲಿಲ್ಲ, ಅವರು ಜಿಲ್ಲೆಯದ್ದು ಇಳಿಸಿ ನೋಡಲಿ.

ಬಿಂದುಶ್ರೀಯ ತಂಗಿ ಗಂಡನ ಮನೆ ಬಿಟ್ಟು ಬಂದು ತವರಲ್ಲಿ ಕೂತಿದ್ದಾಳೆ. ಅವಳ ಅಪ್ಪ ಸಂತೆಗೆ ಬಂದರೂ ತಲೆ ತಗ್ಗಿಸಿಕೊಂಡು ಓಡಾಡುತ್ತಾನೆ, ಪಾಪ. ನಿನ್ನ ವಿಷಯದಲ್ಲಿ ನನಗೆ ಆ ಚಿಂತೆಯಿಲ್ಲ. ನೀನು ನಿನ್ನ ಮನೆ ನೋಡಿಕೊಂಡು ಚೆನ್ನಾಗಿರು. ಇಲ್ಲಿನದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ಇಂತಿ
ಅಪ್ಪ


ಕಲಬುರಗಿ
4-8-2025

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ಅರ್ಥವಾಯಿತು. ಅತ್ತಿಗೆಯ ತಂಗಿಯ ಮಾತನ್ನು ಯಾಕೆ ಬರೆದಿರಿ ಎಂದೂ ಅರ್ಥವಾಯಿತು. ನೀವು ತಲೆ ತಗ್ಗಿಸುವುದು ಬೇಡ. ಇನ್ನು ಆ ವಿಷಯ ಕೇಳುವುದಿಲ್ಲ.

ಹರ್ಷಿತಳನ್ನು ಇಲ್ಲಿಯ ಶಾಲೆಯಲ್ಲೇ ಮುಂದುವರಿಸಿದ್ದೇನೆ.

ಜ್ಯೋತಿಲಕ್ಷ್ಮಿ


ಮಹಾಲಕ್ಷ್ಮಿ ಬಡಾವಣೆ, ಬೈಪಾಸ್ ಪಕ್ಕ
ಕೊಡಿಗೆಪೇಟೆ
5-10-2025

ಜ್ಯೋತಿಲಕ್ಷ್ಮಿ ಅವರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ತಿಳಿಯದು. ನನ್ನ ಹೆಸರು ರಂಜಿತ. ದೊಡ್ಡಬಳ್ಳಾಪುರದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಕೆಲಸ. ಹೋದ ವಾರ ಈ ಬಡಾವಣೆಯ 41ನೇ ನಂಬರಿನ ಮನೆಗೆ ಬಾಡಿಗೆಗೆ ಬಂದೆವು. ಒಂದು ವರ್ಷದಿಂದ ಬೀಗ ಹಾಕಿದ್ದ ಮನೆ. ಗೇಟಿನ ಒಳಗೆ ಎಲೆ ಕಸ ಗುಡಿಸುವಾಗ ನಿಮ್ಮ ಎರಡು ಕವರುಗಳು ಸಿಕ್ಕವು. ಒಂದು ಮಳೆಗೆ ನೆನೆದು ಒಣಗಿ ಮುದುರಿಕೊಂಡಿದೆ. ಎರಡನ್ನೂ ಒಡೆದಿಲ್ಲ. ಹಿಂದುಗಡೆ ನಿಮ್ಮ ವಿಳಾಸ ಇದ್ದದ್ದರಿಂದ ಇದರ ಜೊತೆ ಇಟ್ಟು ಕಳಿಸುತ್ತಿದ್ದೇನೆ.

ಅಂಚೆಯವರಿಗೇ ವಾಪಸ್ ಕೊಡೋಣ ಎಂದುಕೊಂಡೆ. ಆದರೆ ಅವು ತಿರುಗಿ ಇದೇ ಗೇಟಿಗೆ ಬರುತ್ತವೆ ಅನ್ನಿಸಿತು. ಕವರಿನ ಮೇಲೆ ಮಹಾಲಕ್ಷ್ಮಿ ಇದೆ, 41 ಇದೆ, ನಮ್ಮ ಪಿನ್ ಕೋಡೇ ಇದೆ. ನೋಡಿದವರು ಇಲ್ಲಿಗಲ್ಲದೆ ಇನ್ನೆಲ್ಲಿಗೆ ತರುತ್ತಾರೆ? ನಾನೂ ನಮ್ಮ ಮನೆಗೆ ಬಂದದ್ದು ಎಂದೇ ಕೈಗೆ ತೆಗೆದುಕೊಂಡೆ.

ಅಂಗಡಿಯವರನ್ನು ವಿಚಾರಿಸಿದೆ. "ಯಾವ ಚಿಕ್ಕವೆಂಕಟಪ್ಪ ಮೇಡಂ? ನಮ್ಮೂರಲ್ಲಿ ಏಳೆಂಟು ಜನ ಅವ್ರೆ. ಹಳೇ ಬೀದಿ ಹೆಸರು ಹೇಳಿ, ಯಾರು ಅಂತ ಹೇಳ್ತೀನಿ" ಎಂದರು. ಆ ಹೆಸರು ನನಗೆ ಎಲ್ಲಿಂದ ಗೊತ್ತಿರಬೇಕು? ಈ ಬಡಾವಣೆಯಲ್ಲೂ ಅದೇ ಪಾಡು. ನಮ್ಮ ಬೀದಿಗೆ ಬರೀ ನಾಲ್ಕನೇ ಅಡ್ಡರಸ್ತೆ ಎಂದಿದೆ. ಪಾರ್ಸಲ್ ತರುವವರಿಗೆ 'ರೇಷ್ಮೆ ಗೂಡಿನ ಶೆಡ್ ಇತ್ತಲ್ಲ, ಅದರ ಹಿಂದೆ' ಎಂದರೇ ತಿಳಿಯುವುದು. ಆ ಶೆಡ್ ನಾನು ಕಂಡೇ ಇಲ್ಲ.

ಮೊದಲ ಕವರಿನ ಮೊಹರು ಜೂನ್ ತಿಂಗಳದ್ದು. ಅಷ್ಟು ದಿನದಿಂದ ಯಾರಾದರೂ ಉತ್ತರಕ್ಕೆ ಕಾಯುತ್ತಿರಬಹುದು ಎಂದು ಮನಸ್ಸಿಗೆ ಕಸಿವಿಸಿಯಾಯಿತು.

ರಂಜಿತ


ಕಲಬುರಗಿ
11-10-2025

ಅಪ್ಪಾ,

ಇದರ ಜೊತೆ ಎರಡು ಹಳೆಯ ಕಾಗದಗಳಿವೆ. ಮೊದಲು ಜೂನ್ ತಿಂಗಳದ್ದನ್ನು ಓದಿ, ಆಮೇಲೆ ಆಗಸ್ಟಿನದು. ಓದಿ ಮುಗಿಸಿದ ಮೇಲೆ ಇದಕ್ಕೆ ಬನ್ನಿ.

ಓದಿದಿರಾ?

ನಿಮಗೆ ಇವು ತಲುಪಿರಲೇ ಇಲ್ಲ. ಯಾರೋ ರಂಜಿತ ಎನ್ನುವವರು ಬೈಪಾಸ್ ಆಚೆಯ ಮಹಾಲಕ್ಷ್ಮಿ ಬಡಾವಣೆಯಿಂದ ವಾಪಸ್ ಕಳಿಸಿದ್ದಾರೆ. ನಾನು ಕವರು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತುಬಿಟ್ಟೆ. ಸಿಟ್ಟು ಬಂತು, ಅಳು ಬಂತು. ನೀವು ಬೇಡ ಎಂದಿರಲಿಲ್ಲ ಎನ್ನುವುದು ನಿಧಾನಕ್ಕೆ ತಲೆಗೆ ಹೋಯಿತು. ಹಾಗಂತ ಬಾ ಎಂದೂ ನೀವು ಇನ್ನೂ ಹೇಳಿಲ್ಲ. ಅದಕ್ಕೇ ಮತ್ತೆ ಕೇಳುತ್ತಿದ್ದೇನೆ.

ಇಲ್ಲಿಯದು ಹೆಚ್ಚು ಬರೆಯುವುದಿಲ್ಲ. ಗಣಪತಿ ಹಬ್ಬದ ವಾರ ಎಡಗೈ ಮಣಿಕಟ್ಟು ಮುರಿಯಿತು. ಬಚ್ಚಲಲ್ಲಿ ಜಾರಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದೆ. ಈಗ ಪಟ್ಟಿ ಬಿಚ್ಚಿದ್ದಾರೆ. ಪಾತ್ರೆ ಎತ್ತಲು ಆಗುತ್ತದೆ. ನಿಮ್ಮ ಜುಲೈ ಕಾಗದ ಓದದೆ ಹೋಗಿದ್ದರೆ ಅಷ್ಟರಲ್ಲಿ ಬಂದುಬಿಡುತ್ತಿದ್ದೆನೇನೋ. ಅದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ಸುಸ್ತಾಗಿದೆ ಅಪ್ಪಾ, ಮುಚ್ಚಿಡಲು ಶಕ್ತಿಯಿಲ್ಲ.

ಇವತ್ತು ಅಂಚೆ ಕಚೇರಿಗೆ ನಾನೇ ಬಂದು ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸ್ಪೀಡ್ ಪೋಸ್ಟ್ ಕೌಂಟರಿನಲ್ಲಿದ್ದ ಅಮ್ಮನಿಗೆ ನಡೆದದ್ದನ್ನು ಹೇಳಿದೆ. ಅವರು ಹೇಳಿದರು, ಪಿನ್ ಕೋಡು ಕಾಗದವನ್ನು ನಿಮ್ಮೂರಿನ ಅಂಚೆ ಕಚೇರಿಯ ತನಕ ಮಾತ್ರ ತಂದು ಬಿಡುತ್ತದೆ, ಅಲ್ಲಿಂದ ಮನೆಗೆ ಹೋಗುವುದು ಬೀದಿಯ ಹೆಸರಿನ ಮೇಲೆ. "ನಿಮ್ ಕಡಿ ಮಂದಿ ಏನಂತ ಕರೀತಾರ, ಅದನ್ನೂ ಬರೀರಿ. ಬೋರ್ಡ್ ಮ್ಯಾಲಿಂದು ಒಂದೇ ಬರದ್ರ ಆಗಂಗಿಲ್ಲ. ನಮ್ಮೂರಿಗಿ ಈಗೂ ಗುಲ್ಬರ್ಗಾ ಅಂತ ಬರದು ಕಾಗದ ಬರ್ತಾವ, ಮುಟ್ಟಸ್ತೀವಿ. ಊರಿನ ಹೆಸರು ನಮಗ ಗೊತ್ತದ, ನಿಮ್ ಓಣಿ ಹೆಸರು ನಮಗೇನ್ ಗೊತ್ತು?" ಎಂದರು. ಬೀದಿಯ ಹಳೆಯ ಹೆಸರು, ಹತ್ತಿರದ ಗುರುತು, ಮನೆಯವರ ಕಸುಬು, ಎಲ್ಲ ಬರೆಸಿದರು.

ಹಾಗಾಗಿ ಕವರಿನ ಮೇಲೆ ಇದೆ: ಮಗ್ಗದ ಚಿಕ್ಕವೆಂಕಟಪ್ಪ, ನಂಬರ್ 41, ಮಹಾಲಕ್ಷ್ಮಿ ರಸ್ತೆ, ಹಳೆಯ ಸುಡುಗಾಡು ಬೀದಿ, ನೀರಿನ ಟ್ಯಾಂಕ್ ಹತ್ತಿರ. ಆ ಮಾತು ಬರೆಯುವಾಗ ಕೈ ಹಿಂಜರಿಯಿತು. ನೀವು ಯಾರಿಗಾಗಿ ಅದನ್ನು ಅಳಿಸಲು ಅಲೆದಿರಿ ಎಂದು ನನಗೆ ಗೊತ್ತು. ಒಡೆದು ಓದುವುದಿಲ್ಲ ಎಂದಿದ್ದಿರಿ. ದಯವಿಟ್ಟು ಓದಿ.

ಜ್ಯೋತಿ


ಕೊಡಿಗೆಪೇಟೆ
15-10-2025

ಜ್ಯೋತಿ,

ಬಾ.

ಮೊದಲು ಆ ಮಾತು ಬರೆದು ಆಮೇಲೆ ಮಿಕ್ಕದ್ದು ಬರೆಯೋಣ ಎಂದುಕೊಂಡೆ. ಇವತ್ತೇ ಹೊರಡು. ಬಟ್ಟೆ ಎರಡು ಜೊತೆ ಸಾಕು. ಮಗುವಿನ ಶಾಲೆಯ ವರ್ಗಾವಣೆ ಪತ್ರ ಆಮೇಲೆ ಬೀರೇಶ ಬಂದು ತರುತ್ತಾನೆ. ಆ ಮನೆಯಿಂದ ನೀನು ತರಬೇಕಾದದ್ದು ಹರ್ಷಿತ ಒಬ್ಬಳೇ.

ನಿನ್ನ ಕಾಗದ ಹನ್ನೊಂದು ಗಂಟೆಗೆ ಬಂತು. ಹೊಸ ಅಂಚೆಯ ಹುಡುಗಿ ದಾರಿಯುದ್ದಕ್ಕೂ ಯಾರನ್ನೂ ಕೇಳದೆ ನೇರ ನಮ್ಮ ಜಗುಲಿಗೆ ಬಂದಳು. ಮೂರು ಕಾಗದಗಳನ್ನೂ ಓದಿದೆ. ಓದಿ ಅವಳ ಹಿಂದೆಯೇ ಅಂಚೆ ಕಚೇರಿಗೆ ಹೋದೆ, ಜಗಳ ಮಾಡೋಣ ಎಂದೇ ಹೋದೆ. ನನ್ನ ದನಿ ಎಷ್ಟು ಜೋರಾಗಿತ್ತೋ ನನಗೆ ಗೊತ್ತಿಲ್ಲ, ಸುತ್ತಲಿನವರೆಲ್ಲ ತಿರುಗಿ ನೋಡಿದರು. ಆ ಹುಡುಗಿ ನನ್ನನ್ನು ಕೂರಿಸಿ, ಕಾಗದ ವಿಂಗಡಿಸುವ ಮರದ ಗೂಡು ತೋರಿಸಿದಳು. ಒಂದೊಂದು ಬೀದಿಗೆ ಒಂದೊಂದು ಗೂಡು. ನಮ್ಮ ಗೂಡಿನ ಮೇಲೆ ಪಿಳ್ಳಪ್ಪ ಅಂಟಿಸಿದ್ದ ಚೀಟಿಯಲ್ಲಿ ಸುಡುಗಾಡು ಬೀದಿ ಎಂದಿದೆ. ಮಹಾಲಕ್ಷ್ಮಿ ಎನ್ನುವ ಗೂಡು ಇನ್ನೊಂದಿದೆ, ಅದು ಬೈಪಾಸ್ ಬಡಾವಣೆಯದು, ಯಾವಾಗಲೂ ತುಂಬಿರುತ್ತದಂತೆ. ನಮ್ಮ ಬೀದಿಯ ಹೆಸರು ಬದಲಾಯಿತು ಎಂದು ಪಟ್ಟಣ ಪಂಚಾಯಿತಿಯಿಂದ ಅವರಿಗೆ ಒಂದು ಸಾಲೂ ಬಂದಿಲ್ಲ. ಬೋರ್ಡು ನೋಡಲಿಲ್ಲವೇ ಎಂದರೆ, ನಾನು ಬರುವ ಹೊತ್ತಿಗೆ ಅದರ ಮೇಲೆ ಬಟ್ಟೆ ಇರುತ್ತಲ್ಲ ತಾತ ಎಂದು ಬರೆದು ತೋರಿಸಿದಳು. ಯಾರ ಹತ್ತಿರ ಜಗಳ ಮಾಡಲಿ? ಎದ್ದು ಬಂದೆ.

ಪಿಳ್ಳಪ್ಪ ಇದ್ದಿದ್ದರೆ ನಿನ್ನ ಅಕ್ಷರ ನೋಡಿಯೇ ತಂದು ಕೊಡುತ್ತಿದ್ದ. ಊರಲ್ಲಿ ಸುಡುಗಾಡು ಬೀದಿ ಇರುವುದು ಒಂದೇ, ಅದು ಇನ್ನೆಲ್ಲೂ ಇಲ್ಲ. ಮಹಾಲಕ್ಷ್ಮಿಯನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ನಾನು ಅರ್ಜಿ ಬರೆಯುವಾಗ ಇದು ಹೊಳೆಯಲಿಲ್ಲ, ಒಳ್ಳೆಯ ಹೆಸರು ಎಂಬುದಷ್ಟೇ ಹೊಳೆಯಿತು.

ಜುಲೈನಲ್ಲಿ ನಾನು ಬರೆದದ್ದು ನಿನಗೆ ಹೇಳಿದ ಮಾತಲ್ಲ. ನೀನು ಏಪ್ರಿಲ್‌ನಿಂದ ಒಂದು ಸಾಲೂ ಬರೆದಿಲ್ಲ ಎಂದು ನನಗೆ ಮುನಿಸು. ಯಾಕಮ್ಮ ಬರೆಯಲಿಲ್ಲ ಎಂದು ಕೇಳಲು ಬಿಂಕ. ಸಾಲು ತುಂಬಿಸಲು ಬಿಂದುಶ್ರೀಯ ತಂಗಿಯ ಸುದ್ದಿ ಎಳೆದು ತಂದೆ. ನಿನ್ನ ಕೈ ಮುರಿದಾಗ ನಾನು ಇಲ್ಲಿ ಸಪ್ಪಲಮ್ಮನ ಹಗ್ಗದ ಮೇಲೆ ಪಂಚಾಯಿತಿಗೆ ದೂರು ಬರೆಯುತ್ತಿದ್ದೆ.

ನಿನ್ನ ಜೂನ್ ಕಾಗದವನ್ನು ಬೀರೇಶನ ಕೈಗೆ ಕೊಟ್ಟೆ. ಮೊದಲು ನನಗೊಬ್ಬನಿಗೇ ತಿಳಿಯಲಿ ಎಂದು ನೀನು ಬಯಸಿದ್ದೆ, ಆದರೆ ಈಗ ಮುಚ್ಚಿಡುವ ಕಾಲವಲ್ಲ. ಅವನು ಓದಿ ಬಿಂದುಶ್ರೀಗೆ ಕೊಟ್ಟ. ಅವಳು ಓದಿ ಸ್ಲೇಟು ಎತ್ತಿಕೊಂಡು "ನನ್ನ ಬಗ್ಗೆ ಹಿಂಗಂದ್ಕೊಂಡಿದ್ದಾಳಾ?" ಎಂದು ಬರೆದು ನನ್ನ ಮುಂದೆ ಇಟ್ಟಳು. ಅವಳಿಗೆ ಬೇಸರವಾಗಿದೆ. ಬಂದ ಮೇಲೆ ನೀವಿಬ್ಬರೂ ಮಾತಾಡಿಕೊಳ್ಳಿ. ಈಗ ನಡುಮನೆಯಿಂದ ನೂಲಿನ ಮೂಟೆಗಳನ್ನು ಇಬ್ಬರೂ ಸೇರಿ ಹೊರಗೆ ಸಾಗಿಸುತ್ತಿದ್ದಾರೆ. ನಿನಗೂ ಮಗುವಿಗೂ ಅಲ್ಲೇ.

ಬೀರೇಶ ಈ ಕಾಗದದ ಫೋಟೋ ತೆಗೆದು ಈಗಲೇ ನಿನ್ನ ಫೋನಿಗೆ ಹಾಕುತ್ತಾನೆ. ಮನೋಹರ ಪಾಳಿಗೆ ಹೋದ ಮೇಲೆ ನೋಡು. ಅಂಚೆಗೂ ಹಾಕುತ್ತೇನೆ, ನಿನಗೆ ಬರೆದ ಕಾಗದವನ್ನು ಅಂಚೆಗೆ ಹಾಕದೆ ನನಗೆ ಸಮಾಧಾನವಿಲ್ಲ. ಮನೋಹರನ ಹತ್ತಿರ ಏನು ಮಾತಾಡಬೇಕು, ಯಾವ ಠಾಣೆಗೆ ಹೋಗಬೇಕು, ಅದೆಲ್ಲ ನೀನು ಇಲ್ಲಿ ಬಂದು ಕೂತ ಮೇಲೆ. ಬೆಂಗಳೂರು ಸ್ಟೇಷನ್ನಿಗೆ ಬೀರೇಶ ಬರುತ್ತಾನೆ. ರೈಲು ಹೆಚ್ಚು ಕಡಿಮೆಯಾಗಿ ಅವನು ಸಿಗದಿದ್ದರೆ ಹೆದರಬೇಡ, ಬಸ್ಸು ಹತ್ತಿ ಬಂದುಬಿಡು. ಇಲ್ಲಿ ಇಳಿದು ಆಟೋದವನಿಗೆ ಮಹಾಲಕ್ಷ್ಮಿ ಎನ್ನಬೇಡ, ಬೈಪಾಸಿಗೆ ಕರೆದುಕೊಂಡು ಹೋಗುತ್ತಾನೆ. ಸುಡುಗಾಡು ಬೀದಿ ಎನ್ನು. ಗಟ್ಟಿಯಾಗಿ ಹೇಳು, ನಾಚಿಕೆ ಪಡಬೇಡ.

ನೀನು ಬಾಗಿಲು ತಟ್ಟಿದರೆ ನನಗೆ ಕೇಳಿಸುವುದಿಲ್ಲ. ಅದಕ್ಕೇ ನೀನು ಬರುವ ತನಕ ಬಾಗಿಲು ಹಾಕುವುದಿಲ್ಲ.

ಅಪ್ಪ